ಬಾಗಿಲಲ್ಲಿ ಕೊಟ್ಟ ರೊಕ್ಕ ವಾಪಸ್ ತರೋದು ಹೇಗೆ: ಕ್ಯಾಶ್ ಆನ್ ಡೆಲಿವರಿ ಕೈಕೊಟ್ಟಾಗ

ಬೆಟಗೇರಿಯಲ್ಲಿರುವ ನಮ್ಮ ಚಿಗವ್ವ ಫೋನಿನಲ್ಲಿ ಒಂದು ಜಾಹೀರಾತು ನೋಡಿ ಮೂರು ಕಾಟನ್ ಸೀರೆ ಆರ್ಡರ್ ಮಾಡಿದ್ದಳು. ಮೂರಕ್ಕೂ ಸೇರಿ 1,199 ರೂಪಾಯಿ, ಕ್ಯಾಶ್ ಆನ್ ಡೆಲಿವರಿ ಅಂತ ಮೇಲೆ 49. ಗುರುವಾರ ಮಧ್ಯಾಹ್ನ ಪಾರ್ಸೆಲ್ ಬಂತು. 1,248 ರೂಪಾಯಿ ಎಣಿಸಿ ಕೊಟ್ಟು, ಬಿಸಿಲಲ್ಲಿ ಬಂದ ಹುಡುಗ ಅಂತ ನೀರು ಕೊಟ್ಟು ಕಳಿಸಿದಳು. ಒಳಗೆ ಬಂದು ಕವರ್ ಹರಿದರೆ ಇದ್ದದ್ದು ಒಂದೇ ಸೀರೆ. ಅದೂ ಕಾಟನ್ ಅಲ್ಲ, ಬೆರಳಲ್ಲಿ ಹಿಡಿದರೆ ಜಾರುವ ಪಾಲಿಸ್ಟರ್.

ಹುಬ್ಬಳ್ಳಿಯಲ್ಲಿದ್ದ ನನಗೆ ಕೂಡಲೇ ಫೋನ್ ಬಂತು. "ಅಂವ ಇನ್ನೂ ಓಣಿ ದಾಟಿಲ್ಲೋ, ಕರದು ರೊಕ್ಕ ಕೇಳ್ಲೇನು?"

ಬೇಡ ಅಂದೆ. ಆ ಹುಡುಗನ ಕೈಗೆ ಬಂದ ರೊಕ್ಕ ಅವನದೂ ಅಲ್ಲ, ಸೀರೆ ಮಾರಿದವನಿಗೆ ಇನ್ನೂ ಮುಟ್ಟಿಯೂ ಇಲ್ಲ. ಸಂಜೆ ಅವನು ಅಷ್ಟನ್ನೂ ಕೊರಿಯರ್ ಆಫೀಸಿನಲ್ಲಿ ಲೆಕ್ಕ ಕೊಟ್ಟು ಕಟ್ಟಬೇಕು. ಒಂದು ನೋಟು ಕಡಿಮೆ ಬಿದ್ದರೂ ಅವನ ಸಂಬಳಕ್ಕೆ ಬರುತ್ತದೆ. ಕೊರಿಯರ್ ಕಂಪನಿ ಆ ಹಣವನ್ನು ಕೆಲವು ದಿನ ತನ್ನಲ್ಲಿಟ್ಟುಕೊಂಡು, ತನ್ನ ಖರ್ಚು ಮುರಿದುಕೊಂಡು, ಆಮೇಲೆ ಮಾರಾಟಗಾರನ ಖಾತೆಗೆ ಹಾಕುತ್ತದೆ. ಇದನ್ನು ತಿಳಿದಿದ್ದರೆ ಎರಡು ಸಂಗತಿ ಅರ್ಥವಾಗುತ್ತವೆ. ಒಂದು, ಕಾರ್ಡಿನಿಂದಲೋ ಯುಪಿಐನಿಂದಲೋ ಕೊಟ್ಟಿದ್ದರೆ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ನಗದಿಗೆ ಅಂಥ ದಾರಿಯೇ ಇಲ್ಲ. ನಿಮ್ಮ ಬ್ಯಾಂಕ್ ಖಾತೆಯ ವಿವರ ಕೊಟ್ಟು ಹೊಸದಾಗಿ ದಾರಿ ಮಾಡಿಕೊಡಬೇಕು. ಎರಡು, ತಕರಾರು ಎಷ್ಟು ಬೇಗ ಹೋಗುತ್ತದೋ ಅಷ್ಟು ಒಳ್ಳೆಯದು. ಹಣ ಇನ್ನೂ ಕೊರಿಯರ್‌ನವರಲ್ಲೇ ಇರುವಾಗ ಅವರಿಗೂ ಒಂದು ದೂರು ಮುಟ್ಟಿದ್ದರೆ ಮಾರಾಟಗಾರನ ಮೇಲೆ ಒತ್ತಡ ಬೀಳುತ್ತದೆ. ಹಣ ತಡೆದೇ ಹಿಡಿಯುತ್ತಾರೆ ಅನ್ನುವ ಖಾತ್ರಿ ಇಲ್ಲ, ಆದರೂ ಕೊಡಬೇಕು.

ರೊಕ್ಕ ಕೊಡುವ ಮೊದಲು: ಲೇಬಲ್ ಓದಿ

ಬಾಕ್ಸ್ ತೆರೆದು ನೋಡಿ ರೊಕ್ಕ ಕೊಡುತ್ತೇನೆ ಅಂದರೆ ಹೆಚ್ಚಿನ ಪಾರ್ಸೆಲ್‌ಗಳಿಗೆ ಆಗುವುದಿಲ್ಲ. ದೊಡ್ಡ ಆ್ಯಪ್‌ಗಳು ಮೊಬೈಲ್, ಟಿವಿ ಥರದ ಕೆಲವು ಸಾಮಾನಿಗೆ ಮಾತ್ರ ಎದುರಿಗೇ ತೆರೆದು ತೋರಿಸುವ ವ್ಯವಸ್ಥೆ ಇಟ್ಟಿವೆ, ಅದು ಇದ್ದರೆ ಆರ್ಡರಿನ ಪುಟದಲ್ಲೇ ಬರೆದಿರುತ್ತದೆ. ಉಳಿದವಕ್ಕೆ ಹುಡುಗನ ಜೊತೆ ಜಗಳಕ್ಕೆ ಬಿದ್ದು ಉಪಯೋಗವಿಲ್ಲ, ತೆರೆಯಲು ಬಿಟ್ಟರೆ ಅವನ ಕೆಲಸಕ್ಕೆ ಕುತ್ತು. ಆದರೆ ಮೇಲಿನ ಲೇಬಲ್ ಓದಲು ಯಾರ ಅಪ್ಪಣೆಯೂ ಬೇಡ.

ಲೇಬಲ್ ಮೇಲೆ ನಿಮ್ಮ ಹೆಸರು, ವಿಳಾಸ, ವಸೂಲಿ ಮಾಡಬೇಕಾದ ಮೊತ್ತ, ಬಾರ್‌ಕೋಡ್ ಅಡಿಯಲ್ಲಿ ಪಾರ್ಸೆಲ್ ಎಲ್ಲಿದೆ ಅಂತ ಹುಡುಕಲು ಬರುವ ಉದ್ದನೆಯ ಎಡಬ್ಲ್ಯೂಬಿ ನಂಬರ್, ಮತ್ತು ಸಾಮಾನ್ಯವಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ ಕಳಿಸಿದವರ ಹೆಸರು, ವಾಪಸಿನ ವಿಳಾಸ ಇರುತ್ತವೆ. ಎಷ್ಟೋ ಲೇಬಲ್‌ಗಳಲ್ಲಿ ತೂಕವೂ ಇರುತ್ತದೆ. ಚಿಗವ್ವನ ಪಾರ್ಸೆಲ್ ಮೇಲೆ 0.40 ಕೆಜಿ ಅಂತ ಅಚ್ಚಾಗಿತ್ತು. ಉಡುವ ಕಾಟನ್ ಸೀರೆ ಒಂದೇ ನಾನೂರು ಐನೂರು ಗ್ರಾಂ ತೂಗುತ್ತದೆ, ಮೂರು ಸೀರೆ ಒಂದು ಕಿಲೋ ದಾಟಲೇಬೇಕು. ಕೈಯಲ್ಲಿ ಹಿಡಿದಾಗಲೇ ಗೊತ್ತಾಗುವಂಥ ಸುಳ್ಳು ಅದು. ದಿನಾ ಸೀರೆ ಮಡಚುವ ಹೆಂಗಸಿನ ಕೈಗಿಂತ ಒಳ್ಳೆಯ ತಕ್ಕಡಿ ಇಲ್ಲ, ಆದರೆ ಆ ಕೈ ಆಗ ರೊಕ್ಕ ಎಣಿಸುತ್ತಿತ್ತು.

ಲೇಬಲ್ ಮೇಲಿನ ಮೊತ್ತ ನಿಮ್ಮ ಆರ್ಡರಿನ ಮೊತ್ತಕ್ಕೆ ಹೊಂದಬೇಕು, ಕಳಿಸಿದವರ ಹೆಸರು ನೀವು ಕೊಂಡ ಕಡೆಯದೇ ಇರಬೇಕು, ಟೇಪ್ ಮೇಲೆ ಟೇಪ್ ಹಚ್ಚಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ರೊಕ್ಕ ಕೊಡಬೇಡಿ.

ಇನ್ನೊಂದು ಥರದ ಪಾರ್ಸೆಲ್ ಬರುತ್ತದೆ, ಯಾರೂ ಆರ್ಡರ್ ಮಾಡದೇ ಇರುವುದು. ಹೆಸರು ಸರಿ, ಫೋನ್ ನಂಬರ್ ಸರಿ, ಮೊತ್ತ 399 ಅಥವಾ 499. ಮಗ ಆಫೀಸಿಗೆ ಹೋಗಿರುತ್ತಾನೆ, ಮನೆಯಲ್ಲಿ ಅವ್ವ ಇರುತ್ತಾಳೆ, ಮಗನೇ ತರಿಸಿರಬೇಕು ಅಂತ ಡಬ್ಬಿಯಿಂದ ತೆಗೆದು ಕೊಡುತ್ತಾಳೆ. ಕಳಿಸಿದವನು ನಂಬಿರುವುದೇ ಅದನ್ನು. ಇನ್ನೂ ಕಷ್ಟದ್ದೆಂದರೆ, ನೀವು ಊರಲ್ಲಿ ಇಲ್ಲದಾಗ ಪಕ್ಕದ ಮನೆಯಾಕೆ ಒಳ್ಳೆಯ ಮನಸ್ಸಿನಿಂದ ತನ್ನ ರೊಕ್ಕ ಕೊಟ್ಟು ಇಸಗೊಂಡಿರುತ್ತಾಳೆ. ನಮ್ಮ ಮನೆಯಲ್ಲಿ ಈಗ ಏನೇ ತರಿಸಿದರೂ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಮೊತ್ತ ಬರೆಯುತ್ತೇವೆ. ಅಲ್ಲಿ ಇಲ್ಲದ ಪಾರ್ಸೆಲ್ ಬಂದರೆ ಅವ್ವ ಫೋನ್ ಮಾಡಿ ಕೇಳುತ್ತಾಳೆ, ನಾನು ಫೋನ್ ಎತ್ತದಿದ್ದರೆ ವಾಪಸ್ ಕಳಿಸುತ್ತಾಳೆ. ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೇವೆ: ರೊಕ್ಕ ಕೊಟ್ಟಾಗಿರುವ ಪಾರ್ಸೆಲ್ ಇಸಗೊಳ್ಳಿ, ರೊಕ್ಕ ಕೇಳುವುದನ್ನು ಬೇಡ.

ವಾಪಸ್ ಕಳಿಸುವ ರೀತಿ

ಪಾರ್ಸೆಲ್ ಬೇಡ ಅನ್ನಲು ನಮ್ಮ ಕಡೆಯವರು ಸಂಕೋಚ ಪಡುತ್ತಾರೆ, ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಿದ ಹಾಗೆ ಅನಿಸುತ್ತದೆ. ಆದರೆ ರೊಕ್ಕ ಕೊಟ್ಟಿಲ್ಲದ ಪಾರ್ಸೆಲ್ ಬೇಡ ಅಂದರೆ ಹುಡುಗ ಅದರ ರೊಕ್ಕವನ್ನು ತನ್ನ ಜೇಬಿನಿಂದ ತುಂಬಬೇಕಿಲ್ಲ. ಹೋಗಿ ಬರುವ ಸಾಗಾಟದ ಖರ್ಚು ಮಾರಾಟಗಾರನ ಮೇಲೆ ಬೀಳುತ್ತದೆ. ಅದಕ್ಕೇ ಸುಮ್ಮನೆ ಮನಸ್ಸು ಬದಲಾಯಿತು ಅಂತ ಮೇಲಿಂದ ಮೇಲೆ ವಾಪಸ್ ಕಳಿಸಿದರೆ ಆ್ಯಪ್‌ನವರು ನಿಮಗೆ ಕ್ಯಾಶ್ ಆನ್ ಡೆಲಿವರಿಯನ್ನೇ ಮುಚ್ಚಿಬಿಡಬಹುದು. ಅನುಮಾನ ಇದ್ದಾಗ ಮಾತ್ರ ಹಿಂಜರಿಯಬಾರದು.

"ತಮ್ಮಾ, ನನಗ ಇದು ಬ್ಯಾಡ. ಕಸ್ಟಮರ್ ರಿಫ್ಯೂಸ್ ಅಂತನ ಹಾಕು" ಅಂತ ಬಾಯಿಬಿಟ್ಟು ಹೇಳಿ. "ಈಗ ಬ್ಯಾಡ ತಮ್ಮಾ, ರೊಕ್ಕ ಇಲ್ಲ" ಅಂದರೆ ಅವನು ಮನೆಯಲ್ಲಿ ಇಲ್ಲ ಅಂತಲೋ ನಾಳೆ ಬನ್ನಿ ಅಂದರು ಅಂತಲೋ ನಮೂದಿಸುತ್ತಾನೆ. ಮರುದಿನ ಅದೇ ಪಾರ್ಸೆಲ್ ಮತ್ತೆ ಬರುತ್ತದೆ, ಆಗ ಮನೆಯಲ್ಲಿ ಬೇರೆ ಯಾರೋ ಇದ್ದು ರೊಕ್ಕ ಕೊಟ್ಟುಬಿಡುತ್ತಾರೆ.

ಇಲ್ಲಿ ಒಟಿಪಿ ವಿಷಯದಲ್ಲಿ ಎಚ್ಚರ ಬೇಕು. ಪಾರ್ಸೆಲ್ ಕೊಡುವಾಗಲೂ ಒಟಿಪಿ ಕೇಳುತ್ತಾರೆ, ಕೆಲವು ಕಡೆ ವಾಪಸ್ ಒಯ್ಯುವಾಗಲೂ ಕೇಳುತ್ತಾರೆ. ಎರಡೂ ನೋಡಲು ಒಂದೇ ಥರದ ಅಂಕಿಗಳು. ಅಂಕಿ ಓದಿ ಹೇಳುವ ಮೊದಲು ಆ ಮೆಸೇಜನ್ನು ಪೂರ್ತಿ ಓದಿ, ಅದರಲ್ಲಿ ಡೆಲಿವರಿಗೆ ಎಂದಿದೆಯೋ ಕ್ಯಾನ್ಸಲ್‌ಗೆ ಎಂದಿದೆಯೋ ನೋಡಿ. ಬೇಡ ಅಂದ ಪಾರ್ಸೆಲ್‌ಗೆ ಡೆಲಿವರಿಯ ಒಟಿಪಿ ಕೊಟ್ಟರೆ ಅದು ನಿಮಗೆ ಮುಟ್ಟಿದೆ ಎಂದೇ ದಾಖಲಾಗುತ್ತದೆ. ವಾಪಸ್ ಒಯ್ಯಲು ಚಾರ್ಜ್ ಕೊಡಿ ಅಂತ ಬಾಗಿಲಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ.

ಹುಡುಗ ಹೋದ ಮೇಲೆ ಲೇಬಲ್‌ನ ಎಡಬ್ಲ್ಯೂಬಿ ನಂಬರ್ ಹಾಕಿ ಕೊರಿಯರ್‌ನವರ ವೆಬ್‌ಸೈಟಿನಲ್ಲಿ ನೋಡಿ. ಒಂದೆರಡು ದಿನದಲ್ಲಿ ಅಲ್ಲಿ "RTO" ಅಥವಾ "Return to Origin" ಅಂತ ಕಾಣಬೇಕು. ಪಾರ್ಸೆಲ್ ಹೊರಟ ಜಾಗಕ್ಕೆ ಮರಳುತ್ತಿದೆ ಅಂತ ಅರ್ಥ. ಅದರ ಬದಲು "Delivered" ಅಂತ ಕಂಡರೆ ಅದೇ ದಿನ ಸ್ಕ್ರೀನ್‌ಶಾಟ್ ತೆಗೆದು ಕೊರಿಯರ್‌ಗೂ ಮಾರಾಟಗಾರನಿಗೂ ಬರೆಯಿರಿ.

ಈಚೆಗೆ ಸಣ್ಣ ವೆಬ್‌ಸೈಟ್‌ಗಳು ಆರ್ಡರ್ ಖಾತ್ರಿಗೆ ಅಂತ 99 ಅಥವಾ 199 ರೂಪಾಯಿ ಮುಂಗಡ ಯುಪಿಐನಲ್ಲಿ ತೆಗೆದುಕೊಂಡು ಉಳಿದದ್ದನ್ನು ಬಾಗಿಲಲ್ಲಿ ಕೇಳುತ್ತವೆ. ಪಾರ್ಸೆಲ್ ವಾಪಸ್ ಹೋದರೆ ಆ ಮುಂಗಡ ತಾನಾಗಿ ಬರುತ್ತದೆ ಅಂತ ಕಾಯಬೇಡಿ. ಟ್ರ್ಯಾಕಿಂಗ್‌ನಲ್ಲಿ ಪಾರ್ಸೆಲ್ ಅವರಿಗೆ ಮುಟ್ಟಿದ್ದು ಕಂಡ ದಿನವೇ ಯುಪಿಐ ವ್ಯವಹಾರದ 12 ಅಂಕಿಯ ನಂಬರ್ ಹಾಕಿ ಕೇಳಬೇಕು.

ರೊಕ್ಕ ಕೊಟ್ಟಾಯಿತು, ಸಾಮಾನು ತಪ್ಪು ಬಂತು

ಚಿಗವ್ವನಿಗೆ ನಾನು ಮೊದಲು ಕೇಳಿದ್ದು, "ಕವರ್ ಎಲ್ಲಿ ಐತಿ?" ಒಲೆ ಹೊತ್ತಿಸಲು ಬರುತ್ತದೆ ಅಂತ ಹಿತ್ತಲಲ್ಲಿ ಇಟ್ಟಿದ್ದಳು, ಪುಣ್ಯಕ್ಕೆ ಇನ್ನೂ ಇತ್ತು. ಲೇಬಲ್ ಇರುವ ಕವರೇ ಈ ವ್ಯವಹಾರದ ರಸೀದಿ. ಜಾಹೀರಾತು ನಾಳೆ ಮಾಯವಾಗುತ್ತದೆ, ವೆಬ್‌ಸೈಟಿನ ಹೆಸರು ಬದಲಾಗುತ್ತದೆ, ಲೇಬಲ್ ಮೇಲಿನ ವಾಪಸಿನ ವಿಳಾಸ ಮತ್ತು ಎಡಬ್ಲ್ಯೂಬಿ ನಂಬರ್ ಉಳಿಯುತ್ತವೆ. ಕವರಿನ ಫೋಟೊ, ಸೀರೆಯ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಆರ್ಡರ್ ಮೆಸೇಜು, ನಾಲ್ಕನ್ನೂ ಅವಳ ಮಗನ ಕೈಲಿ ತೆಗೆಸಿದೆ. ತೆರೆಯುವಾಗಿನ ವಿಡಿಯೊ ಇದ್ದಿದ್ದರೆ ಕೆಲಸ ಇನ್ನೂ ಹಗುರಾಗುತ್ತಿತ್ತು. ನೀವು ತೆಗೆಯುವುದಾದರೆ ಮೊದಲು ಲೇಬಲ್ ಓದುವ ಹಾಗೆ ಹತ್ತಿರದಿಂದ ತೋರಿಸಿ, ಬಾಕ್ಸಿನ ಎಲ್ಲ ಮಗ್ಗುಲು ತಿರುಗಿಸಿ, ನಡುವೆ ನಿಲ್ಲಿಸದೆ ಟೇಪ್ ಕತ್ತರಿಸಿ ಒಳಗಿನದನ್ನು ಹೊರತೆಗೆಯಿರಿ. ತುಂಡು ತುಂಡು ವಿಡಿಯೊವನ್ನು ಯಾರೂ ಒಪ್ಪುವುದಿಲ್ಲ.

ಅದೇ ಸಂಜೆ ವೆಬ್‌ಸೈಟಿನಲ್ಲಿದ್ದ ಇಮೇಲ್‌ಗೆ ಬರೆದೆವು. ಕತೆ ಹೇಳಲಿಲ್ಲ. ಆರ್ಡರ್ ನಂಬರ್, ಎಡಬ್ಲ್ಯೂಬಿ ನಂಬರ್, ಪಾರ್ಸೆಲ್ ಬಂದ ದಿನ, ನಗದಾಗಿ ಕೊಟ್ಟ 1,248 ರೂಪಾಯಿ, ತರಿಸಿದ್ದು ಮೂರು ಕಾಟನ್ ಸೀರೆ, ಬಂದದ್ದು ಒಂದು ಪಾಲಿಸ್ಟರ್ ಸೀರೆ, ಪೂರ್ತಿ ಹಣ ವಾಪಸ್ ಬೇಕು. ಕೂಪನ್ ಬೇಡ, ಬದಲಿ ಸೀರೆ ಬೇಡ ಅಂತಲೂ ಸ್ಪಷ್ಟವಾಗಿ ಬರೆದೆವು, ಏಕೆಂದರೆ ಇಂಥವರು ಮೊದಲು ಕೊಡಲು ಬರುವುದೇ ಕೂಪನ್. ಕೊರಿಯರ್ ಕಂಪನಿಗೂ ಅದೇ ಮೇಲ್ ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿದ್ದಕ್ಕಿಂತ ಇಮೇಲ್ ಗಟ್ಟಿ, ದಿನಾಂಕ ಅಲ್ಲೇ ಇರುತ್ತದೆ, ಅವರು ಅಳಿಸಲು ಬರುವುದಿಲ್ಲ.

ಈ ನಡುವೆ ಮಗ ಒಂದು ತಪ್ಪು ಮಾಡಲು ಹೊರಟಿದ್ದ. ಆ ವೆಬ್‌ಸೈಟಿನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಿದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ರಿಫಂಡ್ ಕಳಿಸುತ್ತೇನೆ, ಒಂದು ಕ್ಯೂಆರ್ ಬರುತ್ತದೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದನಂತೆ. ಹಣ ಬರಲು ಯುಪಿಐ ಪಿನ್ ಯಾವತ್ತೂ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಮಗನಿಗೆ ಅದು ಗೊತ್ತಿತ್ತು, ಫೋನ್ ಇಟ್ಟ. ಪಾರ್ಸೆಲ್‌ನಲ್ಲಿ ಮೋಸ ಹೋದವರನ್ನು ಕಾಯುತ್ತಾ ಕೂತ ಎರಡನೆಯ ಕಳ್ಳರು ಇವರು. ನಂಬರ್ ಬೇಕಾದರೆ ಆರ್ಡರ್ ಮಾಡಿದ ಆ್ಯಪ್ ಅಥವಾ ವೆಬ್‌ಸೈಟಿನ ಒಳಗಿಂದಲೇ ತೆಗೆದುಕೊಳ್ಳಿ. ಇಂಥ ಕರೆಯಲ್ಲಿ ಹಣ ಹೋಗಿಬಿಟ್ಟಿದ್ದರೆ ಮಾರಾಟಗಾರನನ್ನು ಬದಿಗಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಅಲ್ಲಿ ಗಂಟೆಗಳ ಲೆಕ್ಕ.

ಉತ್ತರ ಬರದಿದ್ದರೆ

ಐದು ದಿನ ಕಳೆದರೂ ಉತ್ತರ ಬರಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವರು ದೂರು ಮುಟ್ಟಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು, ದೂರು ಕೇಳುವ ಅಧಿಕಾರಿಯ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ಜಾಹೀರಾತಿನಲ್ಲಿ ತೋರಿಸಿದ್ದಕ್ಕೆ ಹೊಂದದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. "ನೋ ರಿಟರ್ನ್" ಅಂತ ಅವರು ಬರೆದುಕೊಂಡಿದ್ದರೂ ತಪ್ಪು ಸಾಮಾನಿಗೆ ಅದು ಅಡ್ಡ ಬರುವುದಿಲ್ಲ. ಬಣ್ಣ ಮನಸ್ಸಿಗೆ ಬರಲಿಲ್ಲ ಅನ್ನುವವರಿಗೆ ಮಾತ್ರ ಈ ನಿಯಮ ಆಸರೆಯಾಗುವುದಿಲ್ಲ.

ಚಿಗವ್ವ 1915ಕ್ಕೆ ಫೋನ್ ಮಾಡಿದಳು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬರೆದು ಕೊಡುವುದಾದರೆ consumerhelpline.gov.in ನಲ್ಲಿ ಫೋಟೊಗಳನ್ನೂ ಸೇರಿಸಲು ಬರುತ್ತದೆ. ದೂರಿಗೆ ಒಂದು ಡಾಕೆಟ್ ನಂಬರ್ ಸಿಗುತ್ತದೆ. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಆದರೆ ಆ ನಂಬರನ್ನು ನಮ್ಮ ಎರಡನೆಯ ಮೇಲ್‌ನಲ್ಲಿ ಬರೆದ ಮೂರನೆಯ ದಿನಕ್ಕೆ ಮಾರಾಟಗಾರನ ಉತ್ತರ ಬಂತು: ಸೀರೆ ಕಳಿಸಿ, ಹಣ ಕೊಡುತ್ತೇವೆ, ನಿಮ್ಮ ಊರಿಗೆ ಪಿಕಪ್ ಇಲ್ಲ.

ಪಿಕಪ್ ಇಲ್ಲದಿದ್ದರೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಟ್ಟುವ ಮುಂಚೆ ಒಳಗಿನ ಸಾಮಾನಿನ ಫೋಟೊ ತೆಗೆಯಿರಿ, ಆರ್ಡರ್ ನಂಬರ್ ಬರೆದ ಚೀಟಿ ಒಳಗಿಡಿ. ನಾವು ಅಂಚೆಯ ಖರ್ಚನ್ನೂ ಸೇರಿಸಿ ಕೇಳಿದೆವು, ತಪ್ಪು ಅವರದಾಗಿತ್ತು. ಅವರು ಮೊದಲು 1,199 ಮಾತ್ರ ಕೊಡುತ್ತೇವೆ, 49 ಸೇವೆಯ ಶುಲ್ಕ ಅಂದರು. ಸೇವೆ ಸರಿಯಾಗಿ ಆಗಿದ್ದರೆ ಆ ಮಾತು ಒಪ್ಪಬಹುದಿತ್ತು. ಪಟ್ಟು ಹಿಡಿದ ಮೇಲೆ 1,248ಕ್ಕೆ ಒಪ್ಪಿದರು, ಅಂಚೆಯ ಖರ್ಚು ಕೊಡಲಿಲ್ಲ.

"ರಿಫಂಡ್ ಕಳಿಸಿದ್ದೇವೆ" ಅಂತಾರೆ, ಖಾತೆಗೆ ಬಂದಿಲ್ಲ

ಖಾತೆಯ ವಿವರ ಕೇಳಿದರು. ಚಿಗವ್ವ ಟ್ರಂಕಿನಿಂದ ಪಾಸ್‌ಬುಕ್ ತೆಗೆದು ಮಗನಿಂದ ಖಾತೆ ನಂಬರ್, ಐಎಫ್‌ಎಸ್‌ಸಿ ಬರೆಸಿ ಕಳಿಸಿದಳು. ನಾಲ್ಕು ದಿನದ ಮೇಲೆ "Refund processed" ಅಂತ ಮೇಲ್ ಬಂತು. ವಾರ ಕಳೆದರೂ ಖಾತೆಯಲ್ಲಿ ಏನೂ ಇಲ್ಲ. ಮತ್ತೆ ಕೇಳಿದರೆ ಕಳಿಸಿದ್ದೇವೆ ಅನ್ನುವ ಅದೇ ಮಾತು.

ಇಲ್ಲಿ ಹೆಚ್ಚಿನವರು ಮೋಸ ಅಂದುಕೊಂಡು ಕೈಬಿಡುತ್ತಾರೆ. ಕೇಳಬೇಕಾದದ್ದು ಒಂದೇ: ಯುಟಿಆರ್ ನಂಬರ್ ಕೊಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣಕ್ಕೆಲ್ಲ ಒಂದು ಗುರುತಿನ ನಂಬರ್ ಇರುತ್ತದೆ. ನೆಫ್ಟ್ ಆದರೆ 16 ಅಕ್ಷರ-ಅಂಕಿ, ಯುಪಿಐ ಅಥವಾ ಐಎಂಪಿಎಸ್ ಆದರೆ 12 ಅಂಕಿ. ಅದನ್ನು ನಿಮ್ಮ ಬ್ಯಾಂಕಿನ ಶಾಖೆಗೆ ತೋರಿಸಿದರೆ ಹಣ ಬಂದಿದೆಯೋ ಇಲ್ಲವೋ ಹೇಳುತ್ತಾರೆ. ಮಾರಾಟಗಾರನಿಗೆ ಆ ನಂಬರ್ ಕೊಡಲು ಬರುತ್ತಿಲ್ಲ ಅಂದರೆ ಹಣ ಹೊರಟೇ ಇಲ್ಲ, ಅಥವಾ ಹೊರಟು ಅವರಿಗೇ ಮರಳಿದೆ.

ನಮ್ಮದು ಎರಡನೆಯದು. ನಂಬರ್ ಹುಡುಕಲು ಹೋದಾಗಲೇ ಅವರ ಲೆಕ್ಕದವರಿಗೆ ಗೊತ್ತಾಯಿತು, ಹಣ ತಿರಸ್ಕೃತವಾಗಿ ಅವರ ಖಾತೆಯಲ್ಲೇ ಕೂತಿದೆ ಅಂತ. ಕಾರಣ ಪಾಸ್‌ಬುಕ್ಕಿನಲ್ಲಿತ್ತು. ಅದು ಸಿಂಡಿಕೇಟ್ ಬ್ಯಾಂಕಿನದು, ಐಎಫ್‌ಎಸ್‌ಸಿ `SYNB` ಅಂತ ಶುರುವಾಗುತ್ತಿತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, 2021ರ ಜುಲೈ 1ರಿಂದ ಹಳೆಯ ಐಎಫ್‌ಎಸ್‌ಸಿಗಳು ನಿಂತವು. ಈಗ ಅದೇ ಶಾಖೆಯದು `CNRB` ಅಂತ ಶುರುವಾಗುತ್ತದೆ. ಶಾಖೆಯ ಬೋರ್ಡ್ ಬದಲಾದದ್ದು ಚಿಗವ್ವನಿಗೆ ಗೊತ್ತು, ಪೆನ್ಶನ್ ಹಣ ಬರುತ್ತಲೇ ಇತ್ತು, ಹಾಗಾಗಿ ಪಾಸ್‌ಬುಕ್ ಬದಲಿಸಬೇಕು ಅಂತ ಅನಿಸಿರಲೇ ಇಲ್ಲ.

ನಮ್ಮ ಕಡೆ ಇದು ಒಬ್ಬರ ಕತೆಯಲ್ಲ. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ವಿಜಯಾ ಬ್ಯಾಂಕ್ ಬರೋಡಾಕ್ಕೆ ಹೋಯಿತು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಗದಗ, ಹಾವೇರಿ ಹಳ್ಳಿಗಳಲ್ಲಿ ಎಷ್ಟು ಮನೆಯ ಟ್ರಂಕಿನಲ್ಲಿ ಅದರ ಪಾಸ್‌ಬುಕ್ ಇದೆಯೋ. ರಿಫಂಡ್‌ಗೆ ವಿವರ ಕೊಡುವ ಮುಂಚೆ ಶಾಖೆಯಲ್ಲಿ ಈಗಿನ ಐಎಫ್‌ಎಸ್‌ಸಿ ಕೇಳಿ ಬರೆದುಕೊಳ್ಳಿ. ಅದು 11 ಅಕ್ಷರದ್ದು, ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಕೈಬರಹದಲ್ಲಿ ಇದೊಂದು ತಪ್ಪು ಸಾಮಾನ್ಯ. ಖಾತೆ ನಂಬರನ್ನು ಇಬ್ಬರು ಓದಿ ಹೊಂದಿಸಿ ನೋಡಿ. ಐಎಫ್‌ಎಸ್‌ಸಿ ತಪ್ಪಿದರೆ ಹಣ ಸಾಮಾನ್ಯವಾಗಿ ಮರಳುತ್ತದೆ, ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಅದು ಬೇರೆಯವರ ಖಾತೆಯಾಗಿಬಿಟ್ಟರೆ ಹಣ ಅಲ್ಲಿಗೇ ಹೋಗಿ ಕೂರಬಹುದು. ಆರ್ಡರ್ ಯಾರ ಹೆಸರಲ್ಲಿದೆಯೋ ಅವರ ಖಾತೆಯನ್ನೇ ಕೊಡಿ, ಹೆಸರು ಬೇರೆಯಾದರೆ ಎಷ್ಟೋ ಕಂಪನಿಗಳು ಅಲ್ಲೇ ನಿಲ್ಲಿಸುತ್ತವೆ.

ಇಷ್ಟೆಲ್ಲ ಆದರೂ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾರಾಟಗಾರ ಸೂರತ್‌ನಲ್ಲಿದ್ದರೂ ನೀವು ಸೂರತ್‌ಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಲು ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೊಬೈಲ್, ವಾಷಿಂಗ್ ಮೆಷಿನ್ ಥರದ ದೊಡ್ಡ ಮೊತ್ತಕ್ಕೆ ಆ ದಾರಿ ಹಿಡಿಯಿರಿ. ಸೀರೆಯ ಮೊತ್ತಕ್ಕೆ 1915 ಮತ್ತು ದಿನಾಂಕ ಸಮೇತ ಬರೆದ ಮೇಲ್‌ಗಳಲ್ಲೇ ಹೆಚ್ಚಿನ ಕೆಲಸ ಆಗುತ್ತದೆ, ಆಗುವುದಿದ್ದರೆ.

ಹೊಸ ಐಎಫ್‌ಎಸ್‌ಸಿ ಕೊಟ್ಟ ಮೂರನೆಯ ದಿನ ಹಣ ಬಂತು. ಪಾರ್ಸೆಲ್ ಬಾಗಿಲಿಗೆ ಬಂದಲ್ಲಿಂದ ಎಣಿಸಿದರೆ ಮೂವತ್ತೇಳು ದಿನ. ಚಿಗವ್ವ ಬ್ಯಾಂಕಿಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿದಳು. ಹಳೆಯದನ್ನು ಎಸೆಯಲು ಮನಸ್ಸಾಗಲಿಲ್ಲ, ಅದರ ರಟ್ಟಿನ ಮೇಲೆ ಮಗನಿಂದ ದಪ್ಪ ಅಕ್ಷರದಲ್ಲಿ "ಇದರ ನಂಬರ್ ಕೊಡಬ್ಯಾಡ್ರಿ" ಅಂತ ಬರೆಸಿ ಟ್ರಂಕಿನ ತಳಕ್ಕೆ ಹಾಕಿದ್ದಾಳೆ.